ಹೃದಯದ ಚಿತ್ರ ತಲುಪಲಿಲ್ಲ, ಮಿಸ್

ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವವರ ಇಮೇಲ್‌ಗೆ ಹೋಂವರ್ಕ್ ಕೊಡಬೇಕಾದ ರಾತ್ರಿ ಇಂಥದ್ದೊಂದು ಪತ್ರ ಬರುವುದು ಈಗ ತೀರಾ ಮಾಮೂಲು:

“ಮಿಸ್, ಹೋಂವರ್ಕ್ ಮಾಡಿದ್ದೇನೆ. ಚಿತ್ರ ಅಟ್ಯಾಚ್ ಆಗ್ತಾ ಇಲ್ಲ. ಸಾರಿ ಮಿಸ್.”

ಪತ್ರದಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಓದಿದ ಶಿಕ್ಷಕಿಗೆ ಇದರಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಇದನ್ನು ಬರೆದದ್ದು ಯಾರು? ಮೊಬೈಲ್ ಅಪ್ಪನದಾದರೆ ಕಳುಹಿಸಿದವರ ಜಾಗದಲ್ಲಿ ಅಪ್ಪನ ಹೆಸರಿರುತ್ತದೆ. ಹೇಳುತ್ತಿರುವುದು ಯಾವ ಚಿತ್ರದ ಮಾತು, ಹೃದಯದ್ದೋ ಮೂತ್ರಜನಕಾಂಗದ್ದೋ? ಚಿತ್ರ ಮೊಬೈಲ್‌ನಲ್ಲೇ ಉಳಿಯಿತೋ, ದಾರಿಯಲ್ಲಿ ನಿಂತಿತೋ, ಶಾಲೆಯ ಬಾಗಿಲಿಗೆ ಬಂದು ವಾಪಸಾಯಿತೋ? ಇದ್ಯಾವುದೂ ಗೊತ್ತಾಗದೆ ಶಿಕ್ಷಕಿ ಒಂದೋ ಕಣ್ಣುಮುಚ್ಚಿ ನಂಬಬೇಕು, ಇಲ್ಲವೇ ಅನುಮಾನಿಸಬೇಕು. ಚಿತ್ರ ಬರೆದ ಮಗುವಿಗೂ ಬರೆಯದ ಮಗುವಿಗೂ ಒಂದೇ ಪತ್ರ ಸಾಲುತ್ತದೆ ಎಂದಾದರೆ, ನಿಜವಾಗಿ ಕೂತು ಬರೆದವರಿಗೇ ನಷ್ಟ.

ಈ ಪತ್ರವನ್ನು ಚೆನ್ನಾಗಿ ಬರೆಯಲು ಭಾಷೆಯ ಪಾಂಡಿತ್ಯ ಬೇಕಿಲ್ಲ. ಚಿತ್ರ ಎಲ್ಲಿ ನಿಂತಿತು ಎಂಬುದು ಗೊತ್ತಿರಬೇಕು, ಅಷ್ಟೇ. ಅದನ್ನು ಪತ್ತೆ ಮಾಡುವುದು ಕಷ್ಟವೂ ಅಲ್ಲ.

ಪತ್ರ ಹೋಯಿತು, ಚಿತ್ರ ಹೋಗಲಿಲ್ಲ

ಮಕ್ಕಳಿಗೂ ಪೋಷಕರಿಗೂ ಮೊದಲು ಕಾಡುವ ಪ್ರಶ್ನೆ ಇದು. ಅದೇ ಮೊಬೈಲ್, ಅದೇ ನೆಟ್‌ವರ್ಕ್, ಅದೇ ವಿಳಾಸ. ಬರೆದ ಮಾತು ಸಲೀಸಾಗಿ ತಲುಪುತ್ತದೆ, ಚಿತ್ರ ಮಾತ್ರ ತಲುಪುವುದಿಲ್ಲ. ಏಕೆ?

ಇದಕ್ಕೆ ಉತ್ತರ ಇಮೇಲ್ ಹುಟ್ಟಿದ ಬಗೆಯಲ್ಲೇ ಇದೆ. 1982ರಲ್ಲಿ ಇಮೇಲ್ ಸಾಗಿಸುವ ನಿಯಮಗಳನ್ನು ಬರೆದಾಗ ಅದರಲ್ಲಿ ಹೋಗುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳು ಮಾತ್ರ. ಚಿತ್ರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಕನ್ನಡ ಅಕ್ಷರಕ್ಕೂ ಇರಲಿಲ್ಲ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು ಎಂಜಿನಿಯರುಗಳು ‘ಮೈಮ್’ ಎಂಬ ಹೊಸ ಕ್ರಮವನ್ನು ರೂಪಿಸಿದರು. ಆ ವರ್ಷದ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಈ ಕ್ರಮದಲ್ಲಿ ಕಳಿಸಿದ ಮೊದಲ ಲಗತ್ತಿನಲ್ಲಿ ಅವರ ಹಾಡುಗಾರರ ತಂಡದ ಫೋಟೊ ಮತ್ತು ಹಾಡಿನ ಧ್ವನಿ ಇದ್ದವು. ಇಂದು ನಾವು ಕಳಿಸುವ ಪ್ರತಿ ಲಗತ್ತೂ ಅದೇ ಕ್ರಮದಲ್ಲಿ ಹೋಗುತ್ತದೆ.

ಅವರು ಹಳೆಯ ದಾರಿಯನ್ನು ಒಡೆಯಲಿಲ್ಲ. ಅದರಲ್ಲಿ ಅಕ್ಷರ ಮಾತ್ರ ಸಾಗುತ್ತದೆ ಎಂದಾದರೆ ಚಿತ್ರವನ್ನೇ ಅಕ್ಷರಗಳಾಗಿ ಮಾರ್ಪಡಿಸೋಣ ಎಂದರು. ಕಂಪ್ಯೂಟರಿನಲ್ಲಿ ಫೋಟೊ ಎಂದರೆ ಬೈಟ್‌ಗಳ ಉದ್ದನೆಯ ಸಾಲು. ಆ ಸಾಲಿನ ಪ್ರತಿ ಮೂರು ಬೈಟ್‌ಗಳನ್ನು ತೆಗೆದುಕೊಂಡು, ದಾರಿಯಲ್ಲಿ ಕೆಡದಂಥ ನಾಲ್ಕು ಅಕ್ಷರಗಳನ್ನಾಗಿ ಬರೆಯಲಾಗುತ್ತದೆ. ಇದಕ್ಕೆ ‘ಬೇಸ್64’ ಎಂದು ಹೆಸರು. ಆಚೆ ತುದಿಯಲ್ಲಿ ಶಿಕ್ಷಕಿಯ ಮೊಬೈಲ್ ಆ ನಾಲ್ಕನ್ನು ಮತ್ತೆ ಮೂರು ಮಾಡಿ ಚಿತ್ರವನ್ನು ಕಟ್ಟಿಕೊಳ್ಳುತ್ತದೆ. ಲಗತ್ತು ಇರುವ ಇಮೇಲಿನ ಒಳಗನ್ನು ತೆರೆದು ನೋಡಿದರೆ ಕಾಣುವುದು ಹೀಗೆ:

```
Content-Type: image/jpeg; name="10B-17-hrudaya.jpg"
Content-Transfer-Encoding: base64
Content-Disposition: attachment

/9j/4AAQSkZJRg...
```

ಕೊನೆಯ ಸಾಲಿನಿಂದ ಶುರುವಾಗುವುದೇ ಹೃದಯದ ಚಿತ್ರ. ಜೆಪಿಜಿ ಫೋಟೊಗಳು ಎಲ್ಲವೂ ಇದೇ `/9j/` ಎಂಬ ನಾಲ್ಕು ಚಿಹ್ನೆಗಳಿಂದ ಆರಂಭವಾಗುತ್ತವೆ. ಅಂಥ ಕಡತಗಳ ಮೊದಲ ಮೂರು ಬೈಟ್‌ಗಳು ಒಂದೇ ಆಗಿರುವುದು ಇದಕ್ಕೆ ಕಾರಣ.

ಈಗ ಕನ್ನಡದ ಪತ್ರವನ್ನೂ ಹೀಗೇ ನೋಡೋಣ. ಇಂದಿನ ಯೂನಿಕೋಡ್ ಬರಹದಲ್ಲಿ ಕನ್ನಡದ ‘ಹ’ ಕೂಡ ಮೂರು ಬೈಟ್. ಬೇಸ್64ರಲ್ಲಿ ಅದು `4LK5` ಎಂಬ ನಾಲ್ಕು ಚಿಹ್ನೆಯಾಗಿ ಹೋಗುತ್ತದೆ. ಒತ್ತು, ಗುಣಿತ ಎಲ್ಲ ಸೇರಿ ಆರುನೂರು ಕನ್ನಡ ಅಕ್ಷರಗಳ ಪತ್ರ ಬರೆದರೂ ಆಗುವುದು 2,400 ಚಿಹ್ನೆ, ಅಂದರೆ ಎರಡೂವರೆ ಕೆಬಿಗೂ ಕಡಿಮೆ. ರೆಕಾರ್ಡ್ ಪುಸ್ತಕದ ಒಂದು ಪುಟದ ಫೋಟೊ ಹಲವು ಎಂಬಿ ಇರುತ್ತದೆ, ಎಂದರೆ ಪತ್ರದ ಸಾವಿರಾರು ಪಟ್ಟು. ನೆಟ್‌ವರ್ಕ್ ಕ್ಷಣ ಹೊತ್ತು ಸಿಕ್ಕರೂ ಪತ್ರ ದಾಟುತ್ತದೆ. ಚಿತ್ರ ದಾಟಲು ಅದು ನಿಮಿಷಗಟ್ಟಲೆ ಕಡಿಯದೆ ಇರಬೇಕು. “ಮಾತು ಬಂದಿದೆ, ಚಿತ್ರ ಯಾಕೆ ಬರಲಿಲ್ಲ?” ಎಂದು ಶಿಕ್ಷಕರು ಅನುಮಾನ ಪಡುವ ಮೊದಲು ಈ ವ್ಯತ್ಯಾಸ ನೆನಪಿರಲಿ. ಪತ್ರ ತಲುಪಿದ್ದರಿಂದ ಚಿತ್ರ ಬರೆದಿಲ್ಲ ಎಂದೇನೂ ಆಗುವುದಿಲ್ಲ.

ಎಂಟು ಎಂಬಿ ಹತ್ತರೊಳಗೆ ಹಿಡಿಸದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿದ್ಯಾರ್ಥಿನಿ ಮನುಷ್ಯನ ಹೃದಯದ ನೀಳಛೇದ ನೋಟವನ್ನು ಪೆನ್ಸಿಲ್ಲಿನಲ್ಲಿ ಬರೆದು, ಭಾಗಗಳನ್ನು ಗುರುತಿಸಿ, ಅಪ್ಪನ ಮೊಬೈಲ್‌ನಲ್ಲಿ ಫೋಟೊ ತೆಗೆದಿದ್ದಾಳೆ. ಕ್ಯಾಮೆರಾ ಹೊಸದು. ಫೋಟೊ 80 ಲಕ್ಷ ಬೈಟ್, ಅಂದರೆ ಸುಮಾರು ಎಂಟು ಎಂಬಿ ಆಗಿದೆ. ಜಿಮೇಲ್ 25 ಎಂಬಿವರೆಗೆ ಲಗತ್ತಿಸಲು ಬಿಡುವುದರಿಂದ ಅವಳ ಕಡೆ ಯಾವ ತಕರಾರೂ ಬರುವುದಿಲ್ಲ. ಕಳಿಸಿ ಮಲಗುತ್ತಾಳೆ.

ಆದರೆ ತೆಗೆದುಕೊಳ್ಳುವ ಕಡೆಗೂ ಒಂದು ಮಿತಿ ಇರುತ್ತದೆ. ಶಾಲೆಯ ಮೇಲ್ ಅನ್ನು ‘ಪೋಸ್ಟ್‌ಫಿಕ್ಸ್’ ಎಂಬ, ಬಹಳ ಕಡೆ ಬಳಕೆಯಲ್ಲಿರುವ ತಂತ್ರಾಂಶ ನಡೆಸುತ್ತಿದೆ ಎಂದಿಟ್ಟುಕೊಳ್ಳಿ. ಯಾರೂ ಬದಲಿಸದಿದ್ದರೆ ಅದು ಒಂದು ಇಮೇಲ್‌ಗೆ ಕೊಡುವ ಮಿತಿ 1,02,40,000 ಬೈಟ್. ಎಂಟು ಎಂಬಿ ಚಿತ್ರಕ್ಕೆ ಹತ್ತು ಎಂಬಿ ಧಾರಾಳವಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸರ್ವರ್ ಅಳೆಯುವುದು ಚಿತ್ರವನ್ನಲ್ಲ, ಅಕ್ಷರಗಳಾಗಿ ಬದಲಾದ ಮೇಲಿನ ಇಡೀ ಇಮೇಲನ್ನು. ಅಕ್ಕಿಯನ್ನು ಚೀಲದ ಸಮೇತ ತೂಗಿದ ಹಾಗೆ.

ಮೂರಕ್ಕೆ ನಾಲ್ಕು ಎಂಬ ಲೆಕ್ಕದಲ್ಲಿ 80 ಲಕ್ಷ ಬೈಟ್ ಸುಮಾರು 1 ಕೋಟಿ 6 ಲಕ್ಷ 67 ಸಾವಿರ ಆಗುತ್ತದೆ. ಪ್ರತಿ 76 ಚಿಹ್ನೆಗೆ ಒಂದು ಸಾಲು ಮುರಿಯಬೇಕು ಎಂಬುದು ನಿಯಮ. ಪ್ರತಿ ಸಾಲಿನ ಕೊನೆಗೆ ಎರಡು ಬೈಟ್ ಸೇರುತ್ತದೆ. ಒಟ್ಟು 1 ಕೋಟಿ 9 ಲಕ್ಷ 47 ಸಾವಿರ ದಾಟುತ್ತದೆ. ಮಿತಿ ಮೀರಿತು. ಲೆಕ್ಕವನ್ನು ಹಿಂದುಮುಂದು ಮಾಡಿ ನೋಡಿದರೆ, ಅಂಥ ಸರ್ವರ್‌ನಲ್ಲಿ ನಿಜಕ್ಕೂ ಹಿಡಿಸುವ ಚಿತ್ರದ ಗಾತ್ರ ಸುಮಾರು 74 ಲಕ್ಷ ಬೈಟ್. ಲಗತ್ತಿನ ಗಾತ್ರ, ಹೇಳಿದ ಮಿತಿಯ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಇರಲಿ ಎಂಬ ಒಂದು ಮಾತು ನೆನಪಿಟ್ಟರೆ ಸಾಕು, ಈ ಗುಣಾಕಾರ ಮತ್ತೆ ಮಾಡಬೇಕಾಗಿಲ್ಲ.

ಮಿತಿ ಮೀರಿದ ಇಮೇಲನ್ನು ಸರ್ವರ್ ಪೂರ್ತಿಯಾಗಿ ತಿರಸ್ಕರಿಸುತ್ತದೆ. ಚಿತ್ರವನ್ನು ಬಿಟ್ಟು ಪತ್ರವನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ಪದ್ಧತಿ ಅಲ್ಲಿಲ್ಲ. ಸ್ವಲ್ಪ ಹೊತ್ತಿನಲ್ಲಿ `Mail Delivery Subsystem` ಎಂಬ ಹೆಸರಿನಲ್ಲಿ ವಾಪಸು ಪತ್ರ ಬರುತ್ತದೆ. ಅದರ ಇಂಗ್ಲಿಷ್ ನೋಡಿ ಗಾಬರಿಯಾಗಬೇಕಿಲ್ಲ. ಒಳಗೆ `552` ಮತ್ತು `5.3.4` ಎಂಬ ಸಂಖ್ಯೆಗಳಿದ್ದರೆ ‘ಇಮೇಲ್ ನಮ್ಮ ವ್ಯವಸ್ಥೆಗೆ ದೊಡ್ಡದಾಯಿತು’ ಎಂದು ಅರ್ಥ. ವಿಳಾಸ ತಪ್ಪಿದ್ದರೆ ಸಾಮಾನ್ಯವಾಗಿ `550` ಮತ್ತು `5.1.1` ಇರುತ್ತದೆ. ಆಗ ಚಿತ್ರ ಚಿಕ್ಕದು ಮಾಡಿ ಪ್ರಯೋಜನವಿಲ್ಲ, ವಿಳಾಸ ಸರಿಮಾಡಬೇಕು.

ಇಲ್ಲಿ ಮಕ್ಕಳು ನಿಜಕ್ಕೂ ಸಿಕ್ಕಿಬೀಳುವ ಜಾಗ ಒಂದಿದೆ. ವಾಪಸು ಬಂದ ಇಮೇಲ್ ಕೂಡ `Sent` ಪಟ್ಟಿಯಲ್ಲಿ ಹಾಗೇ ಕಾಣುತ್ತಿರುತ್ತದೆ. “ಕಳಿಸಿದ್ದೇನೆ ಮಿಸ್, ಇಲ್ಲಿ ನೋಡಿ” ಎಂದು ಹುಡುಗಿ ತೋರಿಸುವುದು ನಿಜ. “ನನಗೆ ಏನೂ ಬಂದಿಲ್ಲ” ಎಂದು ಶಿಕ್ಷಕಿ ಹೇಳುವುದೂ ನಿಜ. ಇಬ್ಬರ ನಡುವೆ ಇರುವ ವಾಪಸು ಪತ್ರವನ್ನು, ಅಪ್ಪನ ಇನ್‌ಬಾಕ್ಸ್‌ನಲ್ಲಿ, ಯಾರೂ ತೆರೆದಿರುವುದಿಲ್ಲ.

ಕೈಬಿಟ್ಟು ಹೋಗುವ ಬೇರೆ ಜಾಗಗಳು

ಗಾತ್ರ ಸರಿಯಿದ್ದೂ ಚಿತ್ರ ತಲುಪದೆ ಹೋಗುವುದುಂಟು. ಮೊದಲನೆಯದು, ಇಮೇಲ್ ಮೊಬೈಲ್ ಬಿಟ್ಟು ಹೊರಟೇ ಇರುವುದಿಲ್ಲ. ನೆಟ್‌ವರ್ಕ್ ಇಲ್ಲದಾಗ ಅದು `Outbox` ಎಂಬಲ್ಲಿ ಕಾಯುತ್ತಾ ಕೂತಿರುತ್ತದೆ. `Sent` ಪಟ್ಟಿಯಲ್ಲಿ ಇಲ್ಲದ ಇಮೇಲ್ ಹೋಗಿಲ್ಲ ಎಂದೇ ಲೆಕ್ಕ. `Sent`ನಲ್ಲಿ ಇದ್ದರೆ ಅದನ್ನು ತೆರೆದು, ಚಿತ್ರದ ಮೇಲೆ ಒತ್ತಿ, ಪೂರ್ತಿ ತೆರೆಯುತ್ತದೆಯೇ ಎಂದು ನೋಡಬೇಕು. ಅವಸರದಲ್ಲಿ ಲಗತ್ತಿಸುವುದೇ ಮರೆತುಹೋಗಿದ್ದರೂ ಇಲ್ಲಿ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ‘ಲಗತ್ತಿಸಿದೆ’ ಎಂದು ಬರೆದು ಲಗತ್ತು ಇಲ್ಲದಿದ್ದರೆ ಜಿಮೇಲ್ ಎಚ್ಚರಿಸುವುದುಂಟು. ಕನ್ನಡದಲ್ಲಿ ಬರೆಯುವವರು ಆ ಎಚ್ಚರಿಕೆಯನ್ನು ನೆಚ್ಚಿಕೊಳ್ಳದೆ ತಾವೇ ನೋಡಿಕೊಳ್ಳುವುದು ಕ್ಷೇಮ.

ಎರಡನೆಯದು ಡ್ರೈವ್ ಲಿಂಕ್. ಚಿತ್ರ ದೊಡ್ಡದಾಯಿತೆಂದು ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ, ಲಿಂಕ್ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಶಿಕ್ಷಕರಿಗೆ ಕಳಿಸುತ್ತಾರೆ. ಡ್ರೈವ್‌ಗೆ ಹಾಕಿದ ಕಡತ ಸಾಮಾನ್ಯವಾಗಿ `Restricted` ಆಗಿರುತ್ತದೆ, ಅಂದರೆ ಹಾಕಿದವರಿಗೆ ಮಾತ್ರ ತೆರೆಯುತ್ತದೆ. ವಿದ್ಯಾರ್ಥಿನಿ ಹತ್ತು ಸಲ ಒತ್ತಿ ನೋಡಿದರೂ ತೆರೆಯುತ್ತದೆ, ಏಕೆಂದರೆ ಅದು ಅವಳದೇ. ಶಿಕ್ಷಕಿ ಒತ್ತಿದರೆ ಅನುಮತಿ ಕೇಳುವ ಪುಟ ಬರುತ್ತದೆ. ಅವರು ಅನುಮತಿ ಕೇಳಿದ ಇಮೇಲ್ ಕೂಡ ಬಂದು ಬೀಳುವುದು ಅಪ್ಪನ ಖಾತೆಗೇ. `Share` ಒತ್ತಿ, ಆ ಶಿಕ್ಷಕಿಯ ಇಮೇಲ್ ವಿಳಾಸವನ್ನು ಸೇರಿಸುವುದು ಒಳ್ಳೆಯ ದಾರಿ. ಅದಾಗದಿದ್ದರೆ `Anyone with the link` ಎಂದು ಬದಲಿಸಬೇಕು. ಪರೀಕ್ಷಿಸುವಾಗ ಮನೆಯ ಬೇರೊಬ್ಬರ ಮೊಬೈಲ್‌ನಲ್ಲಿ ಲಿಂಕ್ ತೆರೆಯಬೇಕು. ನಮ್ಮ ಕೈಯಲ್ಲಿ ತೆರೆದದ್ದರಿಂದ ಏನೂ ಗೊತ್ತಾಗುವುದಿಲ್ಲ.

ಮೂರನೆಯದು ಗೂಗಲ್ ಕ್ಲಾಸ್‌ರೂಂ ಬಳಸುವ ಶಾಲೆಗಳಲ್ಲಿ ಕಾಣುತ್ತದೆ. ಅಲ್ಲಿ ಹೋಂವರ್ಕ್‌ಗೆ ಏನನ್ನೂ ಸೇರಿಸದೆ ಇರುವಾಗ ಗುಂಡಿಯ ಮೇಲೆ `Mark as done` ಎಂದಿರುತ್ತದೆ. ಚಿತ್ರ ಸೇರಿಸಿದ ಮೇಲೆ ಅದೇ ಗುಂಡಿ `Turn in` ಎಂದಾಗುತ್ತದೆ. ಚಿತ್ರ ಇನ್ನೂ ಏರುತ್ತಿರುವಾಗಲೇ, ಅಥವಾ ಸೇರಿಸುವುದಕ್ಕೆ ಮುಂಚೆಯೇ ಅವಸರದಲ್ಲಿ ಗುಂಡಿ ಒತ್ತಿದರೆ ‘ಮುಗಿಸಿದ್ದೇನೆ’ ಎಂಬ ಗುರುತು ಮಾತ್ರ ಹೋಗುತ್ತದೆ. ಶಿಕ್ಷಕರ ಪಟ್ಟಿಯಲ್ಲಿ ಹೆಸರಿರುತ್ತದೆ, ಒಳಗೆ ಚಿತ್ರವಿರುವುದಿಲ್ಲ. ಒತ್ತುವ ಮೊದಲು ಗುಂಡಿಯ ಮೇಲೇನಿದೆ ಎಂದು ಓದಿದರೆ ಇದು ತಪ್ಪುತ್ತದೆ. ತಪ್ಪಾಗಿ ಒತ್ತಿದ್ದರೂ `Unsubmit` ಎಂಬುದರಿಂದ ಹಿಂತೆಗೆದುಕೊಂಡು ಚಿತ್ರ ಸೇರಿಸಬಹುದು. ಆದರೆ ಗಡುವು ಮೀರಿ ಮತ್ತೆ ಕೊಟ್ಟರೆ ‘ತಡ’ ಎಂಬ ಗುರುತು ಬೀಳುತ್ತದೆ. ಹೀಗಾಗಿ ಅಂಥ ಸಂದರ್ಭದಲ್ಲಿ ಜೊತೆಗೊಂದು ಪತ್ರ ಬೇಕೇ ಬೇಕು.

ಚಿತ್ರ ಚಿಕ್ಕದಾಗಲಿ, ಹೆಸರುಗಳು ಅಳಿಸದಿರಲಿ

ಗಾತ್ರ ಇಳಿಸುವಾಗ ಎಚ್ಚರ ತಪ್ಪಿದರೆ ಚಿತ್ರ ತಲುಪಿಯೂ ಉಪಯೋಗವಾಗುವುದಿಲ್ಲ. ಹೃದಯದ ಚಿತ್ರದಲ್ಲಿ ಶಿಕ್ಷಕರು ನೋಡುವುದು ಆಕಾರವನ್ನಷ್ಟೇ ಅಲ್ಲ. ಬಲ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ ಎಂದು ಗುರುತಿಸಿದ ಗೆರೆಗಳು ಸರಿಯಾದ ಭಾಗವನ್ನು ಮುಟ್ಟಿವೆಯೇ, ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪವಾಗಿದೆಯೇ ಎಂದು ನೋಡುತ್ತಾರೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ತಾನಾಗಿಯೇ ಕುಗ್ಗಿಸುತ್ತದೆ. ಪೆನ್ಸಿಲ್ಲಿನ ತೆಳು ಅಕ್ಷರ ಮತ್ತು ಸಣ್ಣ ಗೆರೆಗಳೇ ಮೊದಲು ಮಸುಕಾಗುವುದು. ‘ಹೃತ್ಕರ್ಣ’ವೋ ‘ಹೃತ್ಕುಕ್ಷಿ’ಯೋ ಎಂದು ಓದಲು ಬಾರದಿದ್ದರೆ ಅಂಕ ಹಾಕುವುದು ಹೇಗೆ? ಅಲ್ಲಿಯೇ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಕಡತ ಕುಗ್ಗದೆ ಹೋಗುತ್ತದೆ.

ಗಾತ್ರ ಇಳಿಸುವ ಒಳ್ಳೆಯ ದಾರಿ ಬೇಡದ್ದನ್ನು ಕತ್ತರಿಸುವುದು. ಫೋಟೊದಲ್ಲಿ ಮೇಜು, ಪೆನ್ಸಿಲ್ ಡಬ್ಬಿ, ಪಕ್ಕದ ಪುಟ ಎಲ್ಲ ಇದ್ದರೆ ಅವೂ ಬೈಟ್ ತಿನ್ನುತ್ತವೆ. ಪುಟದ ಅಂಚಿಗೆ ಸರಿಯಾಗಿ ಕ್ರಾಪ್ ಮಾಡಿದರೆ ಚಿತ್ರದ ಸ್ಪಷ್ಟತೆ ಕಳೆಯದೆ ಗಾತ್ರ ಇಳಿಯುತ್ತದೆ. ಇನ್ನೂ ಒಳ್ಳೆಯದು, ಡ್ರೈವ್ ಆ್ಯಪ್‌ನಲ್ಲೇ ಇರುವ ಸ್ಕ್ಯಾನ್ ಸೌಲಭ್ಯ. ಅದು ಪುಟವನ್ನು ಗುರುತಿಸಿ, ನೆರಳು ತೆಗೆದು, ಪಿಡಿಎಫ್ ಮಾಡಿಕೊಡುತ್ತದೆ. ಒಂದು ಪುಟ ಸಾಮಾನ್ಯವಾಗಿ ಒಂದೆರಡು ಎಂಬಿಯೊಳಗೆ ಮುಗಿಯುತ್ತದೆ. ಐಫೋನ್ ಇರುವ ಮನೆಗಳಿಗೆ ಇನ್ನೊಂದು ಅನುಕೂಲವೂ ಇದರಲ್ಲಿದೆ. 2017ರಿಂದೀಚೆಗೆ ಆ ಫೋನುಗಳು ಫೋಟೊವನ್ನು `.heic` ಎಂಬ ರೂಪದಲ್ಲಿ ಉಳಿಸುತ್ತವೆ. ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಅದು ತೆರೆಯದೆ ಹೋಗಬಹುದು. ಪಿಡಿಎಫ್ ಆದರೆ ಆ ತೊಡಕಿಲ್ಲ.

ಪತ್ರದಲ್ಲಿ ಏನಿರಬೇಕು

ಇಷ್ಟು ತಿಳಿದ ಮೇಲೆ ಪತ್ರ ತಾನಾಗಿ ಬರೆಸಿಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿನಿ ಬೆಳಿಗ್ಗೆ ಅಪ್ಪನ ಇನ್‌ಬಾಕ್ಸ್ ತೆರೆದು ವಾಪಸು ಪತ್ರ ನೋಡಿದ್ದಾಳೆ, ಪುಟವನ್ನು ಸ್ಕ್ಯಾನ್ ಮಾಡಿದ್ದಾಳೆ. ಈಗ ಅವಳು ಬರೆಯುವುದು ಹೀಗಿರಬಹುದು:

“ವಿಷಯ: 10ಬಿ, ಕ್ರಮಸಂಖ್ಯೆ 17, ಹೃದಯದ ಚಿತ್ರ, ಮತ್ತೆ ಕಳಿಸುತ್ತಿದ್ದೇನೆ

ಮಿಸ್, ನಮಸ್ತೆ. ನಾನು 10ಬಿ ವಿಭಾಗದ ಕ್ರಮಸಂಖ್ಯೆ 17. ಇದು ನಮ್ಮ ತಂದೆಯವರ ಇಮೇಲ್. ಹೃದಯದ ನೀಳಛೇದ ನೋಟದ ಹೋಂವರ್ಕ್ ಅನ್ನು ನಿನ್ನೆ ರಾತ್ರಿ 8.40ಕ್ಕೆ ಕಳಿಸಿದ್ದೆ. ಫೋಟೊ 8 ಎಂಬಿ ಇದ್ದುದರಿಂದ ಶಾಲೆಯ ಮೇಲ್ ಅದನ್ನು ತೆಗೆದುಕೊಳ್ಳದೆ ವಾಪಸು ಕಳಿಸಿದೆ. ಆ ವಾಪಸು ಪತ್ರವನ್ನು ಇಂದು ಬೆಳಿಗ್ಗೆ ನೋಡಿದೆ. ಅದರ ಸ್ಕ್ರೀನ್‌ಶಾಟ್ ಇದರ ಜೊತೆಗಿದೆ. ಚಿತ್ರವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಇದೇ ಇಮೇಲ್‌ನಲ್ಲಿ ಲಗತ್ತಿಸಿದ್ದೇನೆ, ಒಂದು ಪುಟ, 1 ಎಂಬಿ. ಕಡತದ ಹೆಸರು `10B-17-hrudaya.pdf`. ರೆಕಾರ್ಡ್ ಪುಸ್ತಕವನ್ನು ಇಂದು ತರಗತಿಗೂ ತರುತ್ತೇನೆ. ಇದು ತೆರೆಯದಿದ್ದರೆ ದಯವಿಟ್ಟು ತಿಳಿಸಿ ಮಿಸ್.”

ಇದರಲ್ಲಿ ಕ್ಷಮೆಯ ಮಾತು ಹೆಚ್ಚಿಲ್ಲ, ಬೇಡವೂ ಬೇಡ. ಯಾರು, ಯಾವ ಚಿತ್ರ, ಯಾವಾಗ ಕಳಿಸಿದ್ದು, ಎಲ್ಲಿ ನಿಂತಿತು, ಈಗ ಎಲ್ಲಿದೆ ಎಂಬುದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ತಲುಪಲಿಲ್ಲ ಎಂದು ಹೇಳುವ ಪತ್ರವೇ ಚಿತ್ರವನ್ನು ಹೊತ್ತು ತಂದಿದೆ. ‘ಆಮೇಲೆ ಕಳಿಸುತ್ತೇನೆ’ ಎಂಬ ಪತ್ರ ಶಿಕ್ಷಕರ ಮೇಲೆ ಇನ್ನೊಂದು ಕಾಯುವ ಕೆಲಸವನ್ನು ಹೊರಿಸುತ್ತದೆ. ಕಡತದ ಹೆಸರೂ ಕೆಲಸಕ್ಕೆ ಬರುತ್ತದೆ. ನಲವತ್ತು ಮಕ್ಕಳ ಚಿತ್ರಗಳು `IMG`ಯಿಂದ ಶುರುವಾಗುವ ಹೆಸರಿನಲ್ಲೇ ಬಂದರೆ ಇಳಿಸಿಕೊಂಡ ಮೇಲೆ ಯಾವುದು ಯಾರದ್ದೆಂದು ತಿಳಿಯುವುದಿಲ್ಲ.

ಸ್ಕ್ರೀನ್‌ಶಾಟ್ ಬಗ್ಗೆ ಒಂದು ಮಾತು. ಅದು ಇಮೇಲ್ ಹೊರಟ ಹೊತ್ತನ್ನೂ ತಿರಸ್ಕಾರದ ಕಾರಣವನ್ನೂ ತೋರಿಸುತ್ತದೆ. ಪೂರ್ಣ ಪುರಾವೆಯೇನೂ ಅಲ್ಲ. ಕೆಲವರು ಫೋಟೊ ತೆಗೆದ ಸಮಯವನ್ನು ಕಡತದೊಳಗಿನ ವಿವರದಲ್ಲಿ ನೋಡಬಹುದಲ್ಲ ಎನ್ನುತ್ತಾರೆ. ಮೊಬೈಲ್‌ನ ದಿನಾಂಕ ಬದಲಿಸಿದರೆ ಆ ವಿವರವೂ ಬದಲಾಗುತ್ತದೆ, ವಾಟ್ಸಾಪ್‌ನಲ್ಲಿ ಫೋಟೊ ಆಗಿ ಹೋದರೆ ಅಳಿಸಿಹೋಗುತ್ತದೆ. ಹಾಗಾಗಿ ಅದನ್ನಿಟ್ಟುಕೊಂಡು ಮಗುವನ್ನು ತಪ್ಪಿತಸ್ಥ ಎನ್ನುವುದು ಸರಿಯಲ್ಲ. ಮರುದಿನ ತರಗತಿಗೆ ಬರುವ ರೆಕಾರ್ಡ್ ಪುಸ್ತಕ ಇದೆಲ್ಲಕ್ಕಿಂತ ಗಟ್ಟಿ ಸಾಕ್ಷಿ.

ಶಿಕ್ಷಕರ ಕಡೆಯಿಂದಲೂ ಎರಡು ಕೆಲಸ ಆಗಬೇಕು. ಹೋಂವರ್ಕ್ ಕೊಡುವಾಗಲೇ ‘ಒಂದು ಪಿಡಿಎಫ್, 5 ಎಂಬಿಯೊಳಗೆ, ಹೆಸರು ಹೀಗಿರಲಿ’ ಎಂದು ಹೇಳಿಬಿಟ್ಟರೆ ಮೇಲೆ ಹೇಳಿದ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಎರಡನೆಯದು ಉತ್ತರ. ಇಮೇಲ್ ವಾಪಸು ಬರಲಿಲ್ಲ ಎಂದರೆ ಅದು ಆಚೆ ಸರ್ವರ್‌ನ ಒಳಹೊಕ್ಕಿತು ಎಂದಷ್ಟೇ ಊಹಿಸಬಹುದು. ಸ್ಪ್ಯಾಮ್‌ಗೆ ಬಿತ್ತೋ, ಚಿತ್ರ ತೆರೆಯಿತೋ, ಅಕ್ಷರ ಓದಲು ಬಂತೋ ಎಂಬುದು ಕಳಿಸಿದವರಿಗೆ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಚಿತ್ರವನ್ನು ತೆರೆದು ನೋಡಿದವರು ಮಾತ್ರ. “ಬಂತಮ್ಮ, ತೆರೆಯಿತು, ಹೆಸರುಗಳೆಲ್ಲ ಓದಲು ಬರುತ್ತಿವೆ” ಎಂದು ಶಿಕ್ಷಕಿ ಒಂದು ಸಾಲು ಬರೆದರೆ ಹೋಂವರ್ಕ್ ಕೊಟ್ಟ ಕೆಲಸ ಅಲ್ಲಿಗೆ ಮುಗಿಯುತ್ತದೆ. ಆ ಸಾಲು ಬರುವವರೆಗೆ ಪುಟವನ್ನೂ ಫೋಟೊವನ್ನೂ ಅಳಿಸದೆ ಇಟ್ಟುಕೊಳ್ಳುವುದು ವಿದ್ಯಾರ್ಥಿಯ ಹೊಣೆ.